ನೀರಿನ ಟ್ಯಾಂಕಿನಲ್ಲಿ ಕಾರ್ಮಿಕ ಕುಸಿದಾಗ: ಸೂಪರ್‌ವೈಸರ್ ವರದಿ ಬರೆಯುವುದು ಹೇಗೆ

"ಬಿಸಿಲಿನ ತಾಪಕ್ಕೆ ತಲೆಸುತ್ತು ಬಂದು ಟ್ಯಾಂಕಿನೊಳಗೆ ಬಿದ್ದಿರುತ್ತಾನೆ. ಕೂಡಲೇ ಹೊರತೆಗೆದು ಆಸ್ಪತ್ರೆಗೆ ಕಳಿಸಲಾಗಿದೆ."

ಟ್ಯಾಂಕ್ ತೊಳೆಯಲು ಇಳಿದವನು ಬಿದ್ದಾಗ ಸೂಪರ್‌ವೈಸರ್ ಬರೆಯುವ ವರದಿ ಎಷ್ಟೋ ಸಲ ಇಷ್ಟರಲ್ಲೇ ಮುಗಿದುಹೋಗುತ್ತದೆ. ಬರೆದವರು ಬೇಕಂತ ಸುಳ್ಳು ಹೇಳಿರುವುದಿಲ್ಲ. ಕೊಪ್ಪಳ, ಬಳ್ಳಾರಿ, ರಾಯಚೂರಿನ ಮೇ ತಿಂಗಳು ಅಂದರೆ 40 ಡಿಗ್ರಿ ಬಿಸಿಲು. ಕಬ್ಬಿಣದ ಟ್ಯಾಂಕಿನೊಳಗೆ ಇನ್ನೂ ಜಾಸ್ತಿ. ಯಾರು ಬಿದ್ದರೂ ಮೊದಲು ಬಾಯಿಗೆ ಬರುವ ಮಾತು ಬಿಸಿಲೇ. ಆದರೆ ಆ ವರದಿ ಓದಿದವರು ಏನು ಮಾಡುತ್ತಾರೆ? ಮಜ್ಜಿಗೆ ಹಂಚುತ್ತಾರೆ, ನೆರಳು ಕಟ್ಟುತ್ತಾರೆ. ಮುಂದಿನ ವಾರ ಪಕ್ಕದ ಟ್ಯಾಂಕಿಗೆ ಇನ್ನೊಬ್ಬನನ್ನು ಇಳಿಸುತ್ತಾರೆ. ಅಲ್ಲಿಯ ಗಾಳಿಯಲ್ಲಿ ಆಮ್ಲಜನಕವೇ ಇಲ್ಲದಿದ್ದರೆ ಅವನೂ ಬೀಳುತ್ತಾನೆ.

ಟ್ಯಾಂಕಿನ ಅವಘಡದಲ್ಲಿ ಒಂದು ವಿಶೇಷ ತೊಂದರೆ ಇದೆ. ಯಂತ್ರಕ್ಕೆ ಕೈ ಸಿಕ್ಕರೆ ಯಂತ್ರ ಅಲ್ಲೇ ಇರುತ್ತದೆ, ನಾಳೆ ಬಂದು ನೋಡಬಹುದು. ಇಲ್ಲಿ ಮನುಷ್ಯನನ್ನು ಬೀಳಿಸಿದ್ದು ಗಾಳಿ. ಅವನನ್ನು ಉಳಿಸಲು ಬ್ಲೋವರ್ ಹಾಕಿದ ಕೂಡಲೇ ಆ ಗಾಳಿ ಹೊರಟುಹೋಗುತ್ತದೆ. ಅರ್ಧ ಗಂಟೆ ಬಿಟ್ಟು ಬಂದವರಿಗೆ ಸಿಗುವುದು ಒಳ್ಳೆಯ ಗಾಳಿ ತುಂಬಿದ ಖಾಲಿ ಟ್ಯಾಂಕು. ಹಾಗಾಗಿ ಕಳೆದುಹೋದ ಗಾಳಿಯನ್ನು ಬೇರೆ ಬೇರೆ ಸಾಕ್ಷಿಗಳಿಂದ ಮತ್ತೆ ಕಟ್ಟಿ ತೋರಿಸುವುದೇ ಸೂಪರ್‌ವೈಸರ್ ವರದಿಯ ಮುಖ್ಯ ಕೆಲಸ. ಅದು ಹೇಗೆ ಅನ್ನುವುದನ್ನು ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ಉದಾಹರಣೆ

ಇದು ತಿಳಿಯಲೆಂದು ಕಟ್ಟಿಕೊಂಡ ಪ್ರಕರಣ, ಯಾವ ಕಾರ್ಖಾನೆಯದೂ ಅಲ್ಲ. ಕೊಪ್ಪಳದಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ, ಗಿಣಿಗೇರಿ ಸುತ್ತಮುತ್ತ ಇರುವಂಥ ಒಂದು ಸ್ಪಾಂಜ್ ಐರನ್ ಕಾರ್ಖಾನೆ ಅಂದುಕೊಳ್ಳಿ. ಅಲ್ಲಿ ಅಕ್ಕಪಕ್ಕ ಎರಡು ಉಕ್ಕಿನ ನೀರಿನ ಟ್ಯಾಂಕುಗಳಿವೆ. ಒಂದೊಂದೂ 6 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಆಳ. ಸಂಕ್ರಾಂತಿ ಹೊತ್ತಿಗೆ ಎರಡರ ನೀರನ್ನೂ ಖಾಲಿ ಮಾಡಿ, ಮೇಲಿನ ಮ್ಯಾನ್‌ಹೋಲ್ ಮುಚ್ಚಳಕ್ಕೆ ಬೋಲ್ಟ್ ಬಿಗಿದು ಬಿಟ್ಟಿದ್ದರು. ತಳದಲ್ಲಿ ಒಂದು ಗೇಣು ರಾಡಿ ಉಳಿದಿತ್ತು. ಒಳಗಿನ ಬಣ್ಣ ಬಹುಮಟ್ಟಿಗೆ ಎದ್ದುಹೋಗಿತ್ತು.

ಮೇ ತಿಂಗಳಲ್ಲಿ ಒಂದನೇ ಟ್ಯಾಂಕಿನ ರಾಡಿ ತೆಗೆಯಲು ಗುತ್ತಿಗೆಯ ಇಬ್ಬರು ಬಂದರು. ಬೆಳಿಗ್ಗೆ ಮುಚ್ಚಳ ತೆಗೆದು, ಗ್ಯಾಸ್ ಮೀಟರ್ ಹಿಡಿದು ನೋಡಿ, ಪರ್ಮಿಟ್ ಕೊಟ್ಟರು. ಚಹಾ ಆದ ಮೇಲೆ ಒಬ್ಬ ಇಳಿದ. ಎರಡು ಬಕೆಟ್ ರಾಡಿ ಮೇಲೆ ಬಂತು. ಮೂರನೆಯದಕ್ಕೆ ಬಗ್ಗಿದವನು ಏಳಲಿಲ್ಲ. ಬ್ಲೋವರ್ ಹಾಕಿದರು. ಉಸಿರಾಟದ ಸಿಲಿಂಡರ್ ಹೊತ್ತ ರಕ್ಷಣಾ ತಂಡದವರು ಇಳಿದು ಅವನನ್ನು ಎತ್ತಿದರು. ಜೀವ ಉಳಿಯಿತು. ಈಗ ಶಿಫ್ಟ್ ಸೂಪರ್‌ವೈಸರ್ ವರದಿ ಬರೆಯಬೇಕು.

ಮೊದಲು ಆಸ್ಪತ್ರೆಗೆ ಹೋಗುವ ಚೀಟಿ

ದೊಡ್ಡ ವರದಿಗಿಂತ ಮೊದಲು ಒಂದು ಸಣ್ಣ ಚೀಟಿ ಬರೆಯಬೇಕು. ಅದು ಆಂಬುಲೆನ್ಸ್ ಜೊತೆಗೇ ಹೋಗಬೇಕು. "ಮುಚ್ಚಿದ ಉಕ್ಕಿನ ಟ್ಯಾಂಕಿನೊಳಗೆ ಕುಸಿದಿದ್ದಾನೆ. ಆಮ್ಲಜನಕ ಕಡಿಮೆ ಇತ್ತೆಂಬ ಅನುಮಾನ. ರಾಡಿಯಿಂದ ವಿಷಗಾಳಿ ಬಂದಿರುವ ಸಾಧ್ಯತೆಯೂ ಇದೆ. ಕುಸಿದ ಮೇಲೆ ಸುಮಾರು 17 ನಿಮಿಷ ಒಳಗಿದ್ದ. ಎತ್ತರದಿಂದ ಬಿದ್ದಿಲ್ಲ." ಇಷ್ಟು ಸಾಕು. "ಬಿಸಿಲು ಹೊಡೆದಿದೆ" ಅಂತ ಬಾಯಲ್ಲಿ ಹೇಳಿ ಕಳಿಸಿದರೆ ಡಾಕ್ಟರು ಅದೇ ದಾರಿ ಹಿಡಿಯಬಹುದು, ಅಲ್ವಾ? ಚೀಟಿಯ ಫೋಟೋ ತೆಗೆದು ಇಟ್ಟುಕೊಳ್ಳಿ. ವರದಿಗೆ ಅದೇ ಮೊದಲ ಹಾಳೆ.

ಗಾಳಿಯ ಅಳತೆ: ಯಾವಾಗ, ಎಲ್ಲಿ, ಯಾವುದರಿಂದ

ಹೊರಗಿನ ಒಳ್ಳೆಯ ಗಾಳಿಯಲ್ಲಿ ಆಮ್ಲಜನಕ ಶೇ. 20.9 ಇರುತ್ತದೆ. ಶೇ. 19.5ಕ್ಕಿಂತ ಕೆಳಗೆ ಬಂದರೆ ಮೀಟರ್ ಕೂಗುವಂತೆ ಸಾಮಾನ್ಯವಾಗಿ ಇಟ್ಟಿರುತ್ತಾರೆ. ಶೇ. 10ರ ಆಸುಪಾಸಿಗೆ ಬಂದರೆ ಮನುಷ್ಯನಿಗೆ ಎಚ್ಚರ ತಪ್ಪುತ್ತದೆ, ಅದಕ್ಕಿಂತಲೂ ಕೆಳಗೆ ಕೆಲವೇ ನಿಮಿಷದಲ್ಲಿ ಜೀವ ಹೋಗಬಹುದು.

ನಮ್ಮ ಉದಾಹರಣೆಯಲ್ಲಿ ಎರಡು ಅಳತೆಗಳಿದ್ದವು. ಬೆಳಿಗ್ಗೆ ಪರ್ಮಿಟ್‌ನಲ್ಲಿ ಶೇ. 20.6. ಅವನನ್ನು ಎತ್ತಿದ ಮೇಲೆ ತಳದಲ್ಲಿ ಶೇ. 20.7. ಎರಡೂ ನಿಜ. ಎರಡೂ ಸೇರಿ ದಾರಿ ತಪ್ಪಿಸುತ್ತವೆ. ಬರೀ ಈ ಎರಡು ಅಂಕಿ ಬರೆದರೆ "ಮೊದಲೂ ಗಾಳಿ ಸರಿ ಇತ್ತು, ಆಮೇಲೂ ಸರಿ ಇತ್ತು, ಹಾಗಾದರೆ ಬಿಸಿಲೇ" ಅಂತ ಕಡತ ಮುಚ್ಚಿಹೋಗುತ್ತದೆ.

ಅದಕ್ಕೇ ಅಂಕಿಯ ಜೊತೆ ಅದರ ಕಥೆಯನ್ನೂ ಬರೆಯಬೇಕು. ಬೆಳಗಿನ ಅಳತೆ ತೆಗೆದದ್ದು 9 ಗಂಟೆ 5 ನಿಮಿಷಕ್ಕೆ, ಮ್ಯಾನ್‌ಹೋಲ್ ಬಾಯಲ್ಲಿ. ಮೀಟರನ್ನು ಕೈಯಲ್ಲಿ ಹಿಡಿದು ಬಗ್ಗಿ ನೋಡಿದರು. ಪೈಪು ಇಳಿಬಿಟ್ಟಿರಲಿಲ್ಲ. ಅಂದರೆ ಅವರು ಅಳೆದದ್ದು ತೆರೆದ ಬಾಯಿಂದ ಆಗಲೇ ಒಳಗೆ ಬಂದು ಸೇರಿದ್ದ ಹೊರಗಾಳಿಯನ್ನು. ಕಾರ್ಮಿಕ ಇಳಿದದ್ದು 11 ಗಂಟೆ 18 ನಿಮಿಷಕ್ಕೆ, ಅವನು ಬಗ್ಗಿದ್ದು 3 ಮೀಟರ್ ಕೆಳಗೆ. ನಡುವೆ ಎರಡು ಗಂಟೆ 13 ನಿಮಿಷ ಯಾರೂ ಅಳೆದಿಲ್ಲ. ವರದಿಯಲ್ಲಿ ಇದನ್ನು ಹೀಗೇ ಬರೆಯಬೇಕು: "ತಳದ ಗಾಳಿಯ ಅಳತೆ ಆಗಿಲ್ಲ." ಬರೆಯಲು ಕಷ್ಟವಾಗುವ ಸಾಲು ನಿಜ. ಆದರೆ ಇಡೀ ವರದಿಯಲ್ಲಿ ಅತಿ ಬೆಲೆಯುಳ್ಳ ಸಾಲೂ ಅದೇ.

ಎರಡನೇ ಅಳತೆ ತೆಗೆದದ್ದು ಬ್ಲೋವರ್ 14 ನಿಮಿಷ ಓಡಿದ ಮೇಲೆ. ಟ್ಯಾಂಕಿನ ಒಳಗಾತ್ರ 72 ಘನ ಮೀಟರ್. ಬ್ಲೋವರ್ ಗಂಟೆಗೆ 1,500 ಘನ ಮೀಟರ್ ಗಾಳಿ ತಳ್ಳುವಂಥದ್ದು ಅಂತ ಅದರ ಪಟ್ಟಿಯ ಮೇಲೆ ಇದೆ, ಅಂದರೆ ನಿಮಿಷಕ್ಕೆ 25. ಮೂರು ನಿಮಿಷಕ್ಕೊಮ್ಮೆ ಟ್ಯಾಂಕ್ ತುಂಬುವಷ್ಟು ಹೊಸ ಗಾಳಿ. 14 ನಿಮಿಷದಲ್ಲಿ ಸುಮಾರು ಐದು ಸಲ. ಒಳಗೆ ಎಂಥ ಗಾಳಿ ಇದ್ದಿದ್ದರೂ ಅಷ್ಟೊತ್ತಿಗೆ ತೊಳೆದುಹೋಗಿರುತ್ತದೆ. ಬ್ಲೋವರಿನ ಪಟ್ಟಿಯ ಫೋಟೋ, ಗಾಳಿಯ ಕೊಳವೆ ತಳದವರೆಗೆ ಇಳಿಸಿದ್ದರೋ ಬಾಯಲ್ಲೇ ಇಟ್ಟಿದ್ದರೋ ಅನ್ನುವುದು, ಹಾಕಿದ ಮತ್ತು ನಿಲ್ಲಿಸಿದ ಸಮಯ, ಇಷ್ಟನ್ನೂ ಬರೆಯಿರಿ. ಆಗ ಶೇ. 20.7 ಅನ್ನುವ ಅಂಕಿ ಯಾರನ್ನೂ ಮೋಸ ಮಾಡುವುದಿಲ್ಲ.

ಒಳಗೆ ಮನುಷ್ಯ ಇರುವಾಗ ಅಳತೆಗೆಂದು ಬ್ಲೋವರ್ ತಡಮಾಡಲೇಬಾರದು. ಸಾಕ್ಷಿ ಹೋದರೆ ಹೋಗಲಿ, ಜೀವ ಮೊದಲು. ಆದರೆ ಅವನು ಹೊರಬಂದಿದ್ದು, ಬ್ಲೋವರ್ ಇನ್ನೂ ಹಾಕಿರದಿದ್ದರೆ, ಆಗ ಹಾಕಬೇಡಿ. ಹೊರಗೆ ನಿಂತು ಪೈಪು ಇಳಿಬಿಟ್ಟು ಬಾಯಲ್ಲಿ, ನಡುವೆ, ತಳದಲ್ಲಿ ಮೂರು ಕಡೆ ಅಳೆಯಿರಿ. ಪೈಪು ಉದ್ದವಿದ್ದಷ್ಟೂ ಗಾಳಿ ಮೀಟರಿಗೆ ಬಂದು ಮುಟ್ಟಲು ಹೊತ್ತು ಬೇಕು. ಮೀಟರಿನ ಪುಸ್ತಕದಲ್ಲಿ ಹೇಳಿದಷ್ಟು ಕಾದು, ಅಂಕಿ ನಿಂತ ಮೇಲೆ ಬರೆದುಕೊಳ್ಳಿ. ಅವಸರದಲ್ಲಿ ನೋಡಿದರೆ ಕಾಣುವುದು ಪೈಪಿನಲ್ಲಿದ್ದ ಹಳೆಯ ಗಾಳಿ.

ಮೀಟರಿನ ಬಗ್ಗೆಯೂ ಒಂದೆರಡು ಸಾಲು ಬೇಕು. ಕ್ರಮಸಂಖ್ಯೆ, ಕೊನೆಯ ಕ್ಯಾಲಿಬ್ರೇಷನ್ ದಿನಾಂಕ, ಅವತ್ತು ಬಳಸುವ ಮೊದಲು ಪರೀಕ್ಷಾ ಗ್ಯಾಸ್ ಬಿಟ್ಟು ನೋಡಿದ್ದರೋ ಇಲ್ಲವೋ. ಇನ್ನೊಂದು ಮುಖ್ಯ ಪ್ರಶ್ನೆ, ಮೀಟರನ್ನು ಎಲ್ಲಿ ಆನ್ ಮಾಡಿದರು? ಕೆಲವು ಮೀಟರುಗಳು ಆನ್ ಆಗುವಾಗ ಸುತ್ತಲಿನ ಗಾಳಿಯನ್ನೇ "ಒಳ್ಳೆಯ ಗಾಳಿ" ಅಂತ ಇಟ್ಟುಕೊಳ್ಳುತ್ತವೆ. ಮ್ಯಾನ್‌ಹೋಲ್ ಬಾಯಲ್ಲೇ ಆನ್ ಮಾಡಿದರೆ ಅಳತೆಯೇ ಕೆಟ್ಟಿತು. ಮೀಟರನ್ನು ಆಫ್ ಮಾಡಿ ಬೇರೆ ಶಿಫ್ಟಿಗೆ ಕೊಡಬೇಡಿ. ಅದರೊಳಗಿನ ದಾಖಲೆಯನ್ನು ಕಂಪ್ಯೂಟರಿಗೆ ಇಳಿಸಿ ಪ್ರಿಂಟ್ ತೆಗೆಯುವವರೆಗೂ ಬೀರುವಿನಲ್ಲಿಟ್ಟು ಬೀಗ ಹಾಕಿ.

ಪಕ್ಕದ ಟ್ಯಾಂಕನ್ನು ಮುಟ್ಟಬೇಡಿ, ಅಳೆಯಿರಿ

ಗಾಳಿ ಹೋಯಿತು, ಇನ್ನೇನು ಮಾಡುವುದು ಅಂತ ಕೈ ಚೆಲ್ಲುವ ಮೊದಲು ಸುತ್ತ ನೋಡಿ. ನಮ್ಮ ಉದಾಹರಣೆಯಲ್ಲಿ ಅದೇ ಅಳತೆಯ, ಅದೇ ವಾರ ಖಾಲಿ ಮಾಡಿ ಮುಚ್ಚಿದ ಎರಡನೇ ಟ್ಯಾಂಕ್ ಪಕ್ಕದಲ್ಲೇ ಇತ್ತು. ಅದರ ಮುಚ್ಚಳ ಇನ್ನೂ ತೆಗೆದಿರಲಿಲ್ಲ. ಸೇಫ್ಟಿ ವಿಭಾಗದವರು ಮುಚ್ಚಳದ ಒಂದೇ ಬೋಲ್ಟ್ ಬಿಚ್ಚಿ, ಆ ತೂತಿನಿಂದ ಪೈಪು ಇಳಿಬಿಟ್ಟು ಅಳೆದರು. ಮೇಲೆ, ನಡುವೆ, ತಳದಲ್ಲಿ ಎಲ್ಲಾ ಕಡೆ ಶೇ. 10ರ ಹತ್ತಿರ ಬಂತು. ತಳದಲ್ಲಿ ಶೇ. 9.8. ಒಂದನೇ ಟ್ಯಾಂಕಿನ ಕಳೆದುಹೋದ ಗಾಳಿಗೆ ಇಷ್ಟು ಹತ್ತಿರದ ಸಾಕ್ಷಿ ಇನ್ನೊಂದಿಲ್ಲ.

ಓದುವವರು ಕೇಳುತ್ತಾರೆ: ಬರೀ ನೀರಿನ ಟ್ಯಾಂಕು, ಕೆಮಿಕಲ್ ಇಲ್ಲ, ಗ್ಯಾಸ್ ಲೈನ್ ಇಲ್ಲ, ಆಮ್ಲಜನಕ ಎಲ್ಲಿ ಹೋಯಿತು? ಅದನ್ನು ತಿಂದದ್ದು ಟ್ಯಾಂಕಿನ ಗೋಡೆ. ನಮ್ಮ ಕಡೆ ಜಂಗು ಅನ್ನುತ್ತೇವಲ್ಲ, ಆ ತುಕ್ಕು. ಒದ್ದೆ ಉಕ್ಕು ತುಕ್ಕು ಹಿಡಿಯುವಾಗ ಗಾಳಿಯ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಮುಚ್ಚಳ ಬಿಗಿದಿದ್ದರೆ ಹೊಸ ಗಾಳಿ ಬರುವ ದಾರಿ ಇಲ್ಲ.

ಲೆಕ್ಕ ಹಾಕಿ ನೋಡಿದರೆ ಬೆಚ್ಚಿಬೀಳುವಂತಿದೆ. 72 ಘನ ಮೀಟರ್ ಗಾಳಿಯಲ್ಲಿ ಆಮ್ಲಜನಕ ಶೇ. 20.9ರಿಂದ 10ಕ್ಕೆ ಇಳಿಯಬೇಕಾದರೆ ಸುಮಾರು 10 ಕಿಲೋ ಆಮ್ಲಜನಕ ಖರ್ಚಾಗಬೇಕು. ಅಷ್ಟನ್ನು ಹಿಡಿಯಲು ಸುಮಾರು 23 ಕಿಲೋ ಕಬ್ಬಿಣ ತುಕ್ಕಾಗಬೇಕು. ಜಾಸ್ತಿ ಅನ್ನಿಸುತ್ತದೆ. ಆದರೆ ಈ ಟ್ಯಾಂಕಿನ ತಳ, ಮಾಡು, ಗೋಡೆ ಎಲ್ಲಾ ಸೇರಿ 108 ಚದರ ಮೀಟರ್. ಅದರ ಮೇಲೆ ಹರಡಿದರೆ 0.03 ಮಿಲಿಮೀಟರಿಗಿಂತ ಕಡಿಮೆ ದಪ್ಪ. ತಲೆಗೂದಲಿನ ಅರ್ಧ ಅನ್ನಬಹುದು. ನಾಲ್ಕು ತಿಂಗಳು ಒದ್ದೆಯಾಗಿ ಮುಚ್ಚಿಟ್ಟ, ಬಣ್ಣ ಎದ್ದ ಟ್ಯಾಂಕಿಗೆ ಇದು ದೊಡ್ಡ ಮಾತೇ ಅಲ್ಲ.

ಹಾಗಾಗಿ ವರದಿಯಲ್ಲಿ ಟ್ಯಾಂಕಿನ ಬಗ್ಗೆ ಬರೆಯುವಾಗ "ನೀರಿನ ಟ್ಯಾಂಕ್" ಅಂತ ಬಿಟ್ಟುಬಿಡಬೇಡಿ. ಉಕ್ಕಿನದೋ ಕಾಂಕ್ರೀಟಿನದೋ, ಒಳಗೆ ಬಣ್ಣ ಹೇಗಿದೆ, ಯಾವತ್ತು ಖಾಲಿ ಮಾಡಿದರು, ಯಾವತ್ತಿಂದ ಮುಚ್ಚಿತ್ತು, ಗಾಳಿ ಆಡುವ ಕೊಳವೆ ತೆರೆದಿತ್ತೋ ಕಟ್ಟಿಕೊಂಡಿತ್ತೋ, ಎಷ್ಟು ಮ್ಯಾನ್‌ಹೋಲ್ ಇವೆ, ಎಷ್ಟನ್ನು ತೆರೆದಿದ್ದರು, ಬಾಯಿಯ ಅಗಲ ಎಷ್ಟು. ಉಳಿದ ಪೈಪುಗಳಿಗೆ ತಡೆಬಿಲ್ಲೆ ಹಾಕಿದ್ದರೋ ಬರೀ ವಾಲ್ವ್ ಮುಚ್ಚಿದ್ದರೋ. ಮುಚ್ಚಳ ಮುಚ್ಚಿದ ದಿನಾಂಕ ಯಾರಿಗೂ ನೆನಪಿಲ್ಲದಿದ್ದರೆ ಮೇಂಟೆನೆನ್ಸ್ ಲಾಗ್‌ಬುಕ್ ನೋಡಿ, ಆ ಪುಟದ ಫೋಟೋ ಸೇರಿಸಿ.

ರಾಡಿಯನ್ನೂ ಮರೆಯಬೇಡಿ. ಕೊಳೆತ ರಾಡಿಯನ್ನು ಕಲಕಿದಾಗ ಹೈಡ್ರೋಜನ್ ಸಲ್ಫೈಡ್ ಏಳಬಹುದು. ಕೊಳೆತ ಮೊಟ್ಟೆಯ ವಾಸನೆ ಇರುತ್ತದೆ, ಆದರೆ ಜಾಸ್ತಿ ಪ್ರಮಾಣದಲ್ಲಿದ್ದರೆ ಮೂಗೇ ಸತ್ತುಹೋಗಿ ವಾಸನೆ ತಿಳಿಯುವುದಿಲ್ಲ. ಹಾಗಾಗಿ "ವಾಸನೆ ಬರಲಿಲ್ಲ" ಅನ್ನುವ ಹೇಳಿಕೆಯಿಂದ ಗ್ಯಾಸ್ ಇರಲಿಲ್ಲ ಅಂತ ತೀರ್ಮಾನ ಮಾಡಬೇಡಿ. ಕಲಕದ ಪಕ್ಕದ ಟ್ಯಾಂಕಿನಲ್ಲಿ ಮೀಟರ್ ಸೊನ್ನೆ ತೋರಿಸಿದರೂ ಅದು ಕಲಕಿದ ಟ್ಯಾಂಕಿನ ಮಾತಲ್ಲ. ಮೇಲೆ ಬಂದ ಎರಡು ಬಕೆಟ್ ರಾಡಿಯನ್ನು ಚೆಲ್ಲಲು ಬಿಡಬೇಡಿ. ಗಾಜಿನ ಬಾಟಲಿಗೆ ತುಂಬಿ ಬಿರಡೆ ಹಾಕಿ, ದಿನ ಮತ್ತು ಸಮಯ ಬರೆದು ಪರೀಕ್ಷೆಗೆ ಇಡಿ.

ಮೂರು ಗಡಿಯಾರಗಳ ಜಗಳ

ಸಮಯದ ಪಟ್ಟಿ ಇಲ್ಲದ ವರದಿ ಕೈಯಲ್ಲಿ ನಿಲ್ಲುವುದಿಲ್ಲ. ಆದರೆ ಸಮಯ ಬರೆಯುವಾಗ ಎಲ್ಲರೂ ಬೀಳುವ ಒಂದು ಗುಂಡಿ ಇದೆ. ಸಿಸಿಟಿವಿಗೆ ಒಂದು ಗಡಿಯಾರ, ಗ್ಯಾಸ್ ಮೀಟರಿಗೆ ಒಂದು, ಮೊಬೈಲಿಗೆ ಒಂದು. ಮೂರೂ ಒಂದೇ ಸಮಯ ತೋರಿಸುತ್ತವೆ ಅಂತ ನಂಬಬೇಡಿ.

ನಮ್ಮ ಉದಾಹರಣೆಯಲ್ಲಿ ಹೊರಗಿದ್ದವನು ಕೂಗುತ್ತಾ ಓಡಿದ್ದು ಸಿಸಿಟಿವಿಯಲ್ಲಿ 11:32ಕ್ಕೆ ಕಾಣುತ್ತದೆ. ಸೂಪರ್‌ವೈಸರ್ ರಕ್ಷಣಾ ತಂಡಕ್ಕೆ ಫೋನ್ ಮಾಡಿದ್ದು ಮೊಬೈಲಿನಲ್ಲಿ 11:26. ಅಂದರೆ ಕೂಗುವ ಮೊದಲೇ ಫೋನ್ ಹೋಯಿತೇ? ಹೀಗೇ ಬರೆದರೆ ಇಡೀ ವರದಿಯೇ ಕಟ್ಟುಕಥೆ ಅನ್ನಿಸುತ್ತದೆ. ನಿಜ ಸಂಗತಿ ಏನೆಂದರೆ ಸಿಸಿಟಿವಿ 7 ನಿಮಿಷ ಮುಂದಿತ್ತು. ಕೂಗಿದ್ದು 11:25ಕ್ಕೆ. ಮೀಟರ್ 22 ನಿಮಿಷ ಹಿಂದಿತ್ತು.

ಸರಿಮಾಡುವುದು ಸುಲಭ. ಅವತ್ತೇ ಸಿಸಿಟಿವಿ ಪರದೆಯ ಮುಂದೆ, ಮೀಟರಿನ ಮುಂದೆ ಮೊಬೈಲ್ ಹಿಡಿದು ಎರಡೂ ಸಮಯ ಕಾಣುವಂತೆ ಇನ್ನೊಂದು ಮೊಬೈಲಿನಿಂದ ಫೋಟೋ ತೆಗೆಯಿರಿ. ವರದಿಯ ತಲೆಯಲ್ಲೇ "ಎಲ್ಲಾ ಸಮಯಗಳನ್ನು ಮೊಬೈಲ್ ಸಮಯಕ್ಕೆ ಹೊಂದಿಸಿ ಬರೆಯಲಾಗಿದೆ" ಅಂತ ಹೇಳಿ. ಮೂಲ ಸಮಯವನ್ನು ಅಳಿಸಬೇಡಿ, ಪಕ್ಕದಲ್ಲೇ ಇರಲಿ. ಹಳೆಯ ದೃಶ್ಯದ ಮೇಲೆ ಹೊಸದು ಬರೆದುಕೊಳ್ಳುವ ಸಿಸಿಟಿವಿ ಆದರೆ ಅದೇ ಸಂಜೆ ಆ ಭಾಗವನ್ನು ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಬೇಕು.

ಹೊಂದಿಸಿದ ಮೇಲೆ ಪಟ್ಟಿ ಹೀಗೆ ನಿಲ್ಲುತ್ತದೆ:

9:05 – ಮ್ಯಾನ್‌ಹೋಲ್ ಬಾಯಲ್ಲಿ ಅಳತೆ, ಶೇ. 20.6. ಪರ್ಮಿಟ್ ಸಹಿ.
11:18 – ಕಾರ್ಮಿಕ ಇಳಿದ. ಬೆಲ್ಟ್ ಹಾಕಿದ್ದ, ಹಗ್ಗ ಕಟ್ಟಿರಲಿಲ್ಲ.
11:24 – ಮೂರನೇ ಬಕೆಟ್‌ಗೆ ಬಗ್ಗಿ ಕುಸಿದ. ಹೊರಗಿದ್ದವನ ಅಂದಾಜು.
11:25 – ಹೊರಗಿದ್ದವನು ಕೂಗಿದ.
11:26 – ರಕ್ಷಣಾ ತಂಡಕ್ಕೆ ಫೋನ್.
11:28 – ಬ್ಲೋವರ್ ಶುರು, ಕೊಳವೆ ತಳಕ್ಕೆ ಇಳಿಸಿದರು.
11:36 – ತಂಡ ಬಂದು ಸಿಲಿಂಡರ್ ಹಾಕಿ ಇಳಿಯಿತು.
11:41 – ಕಾರ್ಮಿಕ ಹೊರಗೆ. ಉಸಿರು ಇತ್ತು, ಎಚ್ಚರ ಇರಲಿಲ್ಲ.
11:42 – ಬ್ಲೋವರ್ ನಿಲ್ಲಿಸಿದರು.
11:47 – ಆಂಬುಲೆನ್ಸ್ ಹೊರಟಿತು.
11:58 – ತಳದ ಅಳತೆ, ಶೇ. 20.7.

11:24ರ ಮುಂದೆ "ಅಂದಾಜು" ಅಂತ ಇದೆ ನೋಡಿ. ಯಾವ ಸಮಯ ಯಂತ್ರದಿಂದ ಬಂದದ್ದು, ಯಾವುದು ನೆನಪಿನಿಂದ ಬಂದದ್ದು ಅಂತ ಗುರುತು ಮಾಡಲೇಬೇಕು. ಇಳಿದ ಆರೇ ನಿಮಿಷದಲ್ಲಿ ಬಿದ್ದಿದ್ದಾನೆ ಅನ್ನುವುದು ಈ ಪಟ್ಟಿಯಿಂದಲೇ ಎದ್ದು ಕಾಣುತ್ತದೆ. ಅದರ ಮಹತ್ವ ಮುಂದೆ ಬರುತ್ತದೆ.

ನೋಡಿದ್ದು ಬೇರೆ, ಅಂದುಕೊಂಡದ್ದು ಬೇರೆ

ಹೊರಗೆ ನಿಂತಿದ್ದವನ ಹೇಳಿಕೆಯನ್ನು ಅವತ್ತೇ ಬರೆದುಕೊಳ್ಳಿ. ನಾಲ್ಕು ಜನ ಸೇರಿ ಚಹಾ ಕುಡಿದು ಮಾತಾಡಿದ ಮೇಲೆ ಎಲ್ಲರ ನೆನಪೂ ಒಂದೇ ಆಗಿಬಿಡುತ್ತದೆ. ಗುತ್ತಿಗೆದಾರ ಎದುರಿಗೆ ಇರಬಾರದು. ಕೆಲಸ ಹೋಗುತ್ತದೆ ಅನ್ನುವ ಭಯದಲ್ಲಿ ಹುಡುಗ ತಲೆ ತಗ್ಗಿಸಿ ನಿಂತಿರುತ್ತಾನೆ. ಪಕ್ಕ ಕೂರಿಸಿಕೊಂಡು, "ತಮ್ಮಾ, ನೀ ಕಣ್ಣಿಲೆ ಏನ್ ಕಂಡಿ ಅಷ್ಟ ಹೇಳು. ಯಾಕ ಆತು ಅನ್ನೋದು ಆಮ್ಯಾಲೆ ನೋಡೋಣು" ಅಂದರೆ ಮಾತು ಬರುತ್ತದೆ.

ಅವನು ಹೇಳಿದ್ದನ್ನು ಆಫೀಸ್ ಕನ್ನಡಕ್ಕೆ ತಿರುಗಿಸಬೇಡಿ. "ಎರಡ ಬಕೆಟ್ ರಾಡಿ ಕೊಟ್ಟಿದ್ನ್ರೀ ಸರ. ಮೂರನೇದ್ದಕ್ಕ ಬಗ್ಗಿದಾಂವ ಹಂಗ ಕುಂತ. ಕರದ್ರ ಓ ಅನ್ಲಿಲ್ಲ. ನಾ ಇಳೀಬೇಕಂತ ನಿಚ್ಚಣಿಕಿ ಮ್ಯಾಲ ಕಾಲಿಟ್ಟಿದ್ದೆ, ನೀವ ಹಿಂದ ಎಳದ್ರಿ." ಇದನ್ನು "ಸದರಿ ವ್ಯಕ್ತಿಯು ಅಸ್ವಸ್ಥನಾಗಿ ಕುಸಿದಿರುತ್ತಾನೆ" ಅಂತ ಬರೆದರೆ ಎರಡು ದೊಡ್ಡ ಸಂಗತಿಗಳು ಮಾಯವಾಗುತ್ತವೆ. ಒಂದು, ಅವನು ಕಿರುಚಲಿಲ್ಲ, ವಾಂತಿ ಮಾಡಲಿಲ್ಲ, ಸುಮ್ನೆ ಕೂತ. ಇನ್ನೊಂದು, ಎರಡನೆಯವನೂ ಇಳಿಯುವುದರಲ್ಲಿದ್ದ. ಮುಚ್ಚಿದ ಜಾಗದ ದುರಂತಗಳಲ್ಲಿ ಒಬ್ಬರ ಹಿಂದೆ ಒಬ್ಬರು ಎತ್ತಲು ಹೋಗಿ ಸಾಯುವುದು ಹೀಗೇ. ಆ ಎರಡನೇ ಕಾಲು ಏಣಿಯ ಮೇಲಿತ್ತು ಅನ್ನುವುದು ವರದಿಯಲ್ಲಿ ಬರಲೇಬೇಕು.

ಕುಸಿದವನ ಸ್ಥಿತಿ ಬರೆಯುವಾಗ ರೋಗದ ಹೆಸರು ಬೇಡ, ಅದು ಡಾಕ್ಟರ ಕೆಲಸ. ಕಂಡದ್ದನ್ನು ಬರೆಯಿರಿ. ಮೈ ಮುಟ್ಟಿದರೆ ಸುಡುತ್ತಿತ್ತೋ ಇಲ್ಲವೋ. ತುಟಿ, ಉಗುರು ನೀಲಿ ಆಗಿದ್ದವೋ. ತಲೆಗೆ ಪೆಟ್ಟು, ಕೈಯಲ್ಲಿ ಸುಟ್ಟ ಗುರುತು ಇತ್ತೋ. ಹೊರಗಿನ ಗಾಳಿಗೆ ತಂದ ಎಷ್ಟು ಹೊತ್ತಿಗೆ ಕಣ್ಣು ಬಿಟ್ಟ.

ಇವು ಯಾಕೆ ಬೇಕೆಂದರೆ, ಬಿಸಿಲಿನ ಹೊಡೆತ ಸಾಮಾನ್ಯವಾಗಿ ಆರು ನಿಮಿಷದಲ್ಲಿ ಸದ್ದಿಲ್ಲದೆ ಬರುವುದಿಲ್ಲ. ಮೊದಲು ಸುಸ್ತು, ತಲೆನೋವು, ವಾಕರಿಕೆ, ಸ್ನಾಯು ಹಿಡಿಯುವುದು ಇರುತ್ತದೆ. ಮೈ ಸುಡುತ್ತದೆ. ನೆರಳಿಗೆ ತಂದ ಎರಡು ನಿಮಿಷಕ್ಕೆ ಎದ್ದು ಕೂರುವುದಿಲ್ಲ. ಆಮ್ಲಜನಕ ಕಡಿಮೆಯಾಗಿ ಬಿದ್ದವನು ಸೂಚನೆ ಕೊಡದೆ ಬೀಳುತ್ತಾನೆ, ಬೇಗ ಒಳ್ಳೆಯ ಗಾಳಿ ಸಿಕ್ಕರೆ ಬೇಗ ಎಚ್ಚರಗೊಳ್ಳಬಹುದು. ನಮ್ಮವನು ಆಂಬುಲೆನ್ಸ್‌ನಲ್ಲಿ ಆಕ್ಸಿಜನ್ ಹಾಕಿದ ಮೇಲೆ ಗೇಟು ದಾಟುವಷ್ಟರಲ್ಲಿ ಕಣ್ಣು ಬಿಟ್ಟ. ಮೈ ಬೆವರಿತ್ತು, ಆದರೆ ಸುಡುತ್ತಿರಲಿಲ್ಲ.

ಕರೆಂಟಿನ ಅನುಮಾನವನ್ನೂ ಒಂದು ಸಾಲಿನಲ್ಲಿ ಮುಗಿಸಿ. ಒಳಗೆ ಯಾವ ಲೈಟು, ಯಾವ ಪಂಪು ಇತ್ತು, ಎಷ್ಟು ವೋಲ್ಟಿನದು. ಟ್ಯಾಂಕಿನೊಳಗೆ ಕೈಲೈಟು 24 ವೋಲ್ಟ್ ಮೀರಬಾರದು ಅನ್ನುವುದು ಹಳೆಯ ನಿಯಮ. ಇಲ್ಲಿ ಇದ್ದದ್ದು ಬ್ಯಾಟರಿ ಟಾರ್ಚು ಮಾತ್ರ.

ಪರ್ಮಿಟ್‌ನಲ್ಲಿ ಬರೆದದ್ದು, ನೆಲದ ಮೇಲೆ ಆದದ್ದು

ಮುಚ್ಚಿದ ಜಾಗಕ್ಕೆ ಇಳಿಸುವ ಪದ್ಧತಿಯ ಬೇರು 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 36ನೇ ಕಲಮಿನಲ್ಲಿದೆ. ಅಪಾಯದ ಗಾಳಿ ಇರಬಹುದಾದ ಟ್ಯಾಂಕಿಗೆ ಇಳಿಸಬೇಕಾದರೆ ತಿಳಿದವರು ತಾವೇ ಪರೀಕ್ಷೆ ಮಾಡಿ ಲಿಖಿತವಾಗಿ ಕೊಡಬೇಕು. ಇಲ್ಲವೇ ಇಳಿಯುವವನು ಉಸಿರಾಟದ ಸಾಧನ ಹಾಕಿ, ಬೆಲ್ಟಿಗೆ ಹಗ್ಗ ಕಟ್ಟಿ, ಹಗ್ಗದ ತುದಿಯನ್ನು ಹೊರಗಿದ್ದವನು ಹಿಡಿದಿರಬೇಕು.

ವರದಿಗೆ ಪರ್ಮಿಟ್‌ನ ನಕಲು ಅಂಟಿಸಿದರೆ ಸಾಲದು. ಅದರ ಒಂದೊಂದು ಟಿಕ್ ಗುರುತಿನ ಮುಂದೆ ನಿಜವಾಗಿ ಏನಾಗಿತ್ತು ಅಂತ ಬರೆಯಿರಿ. "ಗಾಳಿ ಪರೀಕ್ಷೆ ಆಗಿದೆ" ಅಂತ ಟಿಕ್ ಇದೆ, ಆದದ್ದು ಬಾಯಲ್ಲಿ ಮಾತ್ರ. "ಗಾಳಿ ಆಡಿಸಲಾಗಿದೆ" ಅಂತ ಟಿಕ್ ಇದೆ, ಬ್ಲೋವರ್ ಪಕ್ಕದಲ್ಲಿತ್ತು, ಕೇಬಲ್ ಸಾಲದೆ ಹಾಕಿರಲಿಲ್ಲ. "ಬೆಲ್ಟ್ ಮತ್ತು ಹಗ್ಗ" ಟಿಕ್ ಇದೆ, ಹಗ್ಗವನ್ನು ಬಕೆಟ್ ಎಳೆಯಲು ಬಳಸುತ್ತಿದ್ದರು. ಕೊನೆಯದನ್ನು ಬರೆದಾಗ ಕಣ್ಣಿಗೆ ಕಟ್ಟುತ್ತದೆ: ಹಗ್ಗ ಒಂದೇ ಇತ್ತು, ಕೆಲಸ ಎರಡಿತ್ತು.

"ಕಾರ್ಮಿಕನ ನಿರ್ಲಕ್ಷ್ಯ" ಅನ್ನುವ ಎರಡು ಪದ ಈ ವರದಿಯಲ್ಲಿ ಎಲ್ಲೂ ಬರಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ಗಾಳಿಯ ವಿಷಯದಲ್ಲಿ ಇಳಿದವನು ಎಚ್ಚರ ವಹಿಸಲು ದಾರಿಯೇ ಇರಲಿಲ್ಲ. ಹಗ್ಗ ಕಟ್ಟಿರಲಿಲ್ಲ ಅಂತ ಬರೆಯಿರಿ. ಎಷ್ಟು ಹಗ್ಗ ಕೊಟ್ಟಿದ್ದರು ಅಂತಲೂ ಬರೆಯಿರಿ. ಹಾಗೆಯೇ ಪರ್ಮಿಟ್‌ಗೆ ಸಹಿ ಹಾಕಿದವರಲ್ಲಿ ನೀವೂ ಒಬ್ಬರಾಗಿದ್ದರೆ, ಅದನ್ನು ನೀವೇ ಮೊದಲು ಹೇಳಿ. ಬೇರೆಯವರು ಹುಡುಕಿ ತೆಗೆದಾಗ ನಿಮ್ಮ ಉಳಿದ ಸಾಲುಗಳ ಮೇಲೂ ನಂಬಿಕೆ ಹೋಗುತ್ತದೆ.

ಕಾರಣದ ಸಾಲು

ಎಲ್ಲಾ ಆದ ಮೇಲೆ ಕಾರಣದ ಕಾಲಂ. ಅಲ್ಲಿ ತೀರ್ಪು ಬೇಡ. ಈ ಪ್ರಕರಣದಲ್ಲಿ ನಾನು ಬರೆಯುವುದು ಇಷ್ಟು:

"ಕುಸಿದ ಟ್ಯಾಂಕಿನ ತಳದ ಗಾಳಿಯನ್ನು ಇಳಿಯುವ ಮೊದಲು ಅಳೆದಿಲ್ಲ. ರಕ್ಷಣೆಯ ನಂತರದ ಅಳತೆ ಬ್ಲೋವರ್ 14 ನಿಮಿಷ ಓಡಿದ ಮೇಲಿನದು. ಅದೇ ರೀತಿ ಮುಚ್ಚಿಟ್ಟಿದ್ದ ಎರಡನೇ ಟ್ಯಾಂಕಿನಲ್ಲಿ ಆಮ್ಲಜನಕ ಶೇ. 9.8 ಸಿಕ್ಕಿದೆ. ಇಳಿದ ಸುಮಾರು 6 ನಿಮಿಷದಲ್ಲಿ ಸದ್ದಿಲ್ಲದೆ ಕುಸಿದಿದ್ದಾನೆ. ಆಮ್ಲಜನಕದ ಕೊರತೆ ಮುಖ್ಯ ಅನುಮಾನ. ರಾಡಿಯಿಂದ ಬಂದ ವಿಷಗಾಳಿಯನ್ನು ತಳ್ಳಿಹಾಕಲು ಪರೀಕ್ಷಾ ವರದಿ ಬರಬೇಕು. ಎರಡನೇ ಟ್ಯಾಂಕಿಗೆ ಬೀಗ ಹಾಕಿ ಫಲಕ ತೂಗಿಸಿದೆ."

ವರದಿ ಅವತ್ತೇ ಮೇಲಿನವರಿಗೆ ಹೋಗಬೇಕು. 48 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಕೆಲಸಕ್ಕೆ ಬರಲಾಗದ ಗಾಯವಾದರೆ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ ತಿಳಿಸುವ ಹೊಣೆ ಕಾರ್ಖಾನೆಯ ಮ್ಯಾನೇಜರದು. ಗುತ್ತಿಗೆಯವನು ಅನ್ನುವ ಕಾರಣಕ್ಕೆ ಅದು ತಪ್ಪುವುದಿಲ್ಲ. ಅವನು ಯಾವ ಗುತ್ತಿಗೆದಾರನ ಕಡೆಯವನು, ಯಾವತ್ತಿಂದ ಬರುತ್ತಿದ್ದಾನೆ, ಇಎಸ್‌ಐ ಸಂಖ್ಯೆ ಇದೆಯೋ ಅನ್ನುವುದನ್ನು ವರದಿಯಲ್ಲೇ ಬರೆದಿದ್ದರೆ ಮನೆಯವರು ಪರಿಹಾರಕ್ಕೆ ಅಲೆಯುವುದು ಕಡಿಮೆಯಾಗುತ್ತದೆ.

ಮೂರು ದಿನದ ನಂತರದ ಹಾಳೆ

ಬಿದ್ದವನ ಮಾತನ್ನೇ ಕೇಳದೆ ಮುಗಿಸಿದ ವರದಿಗಳು ಬೇಕಾದಷ್ಟಿವೆ. ಅವನು ಚೇತರಿಸಿಕೊಂಡ ಮೇಲೆ, ಡಾಕ್ಟರನ್ನು ಕೇಳಿ, ಹೋಗಿ ಕೂತು ಮಾತಾಡಿಸಿ. ಮೂಲ ವರದಿಯನ್ನು ತಿದ್ದಬೇಡಿ. ಹೊಸ ಹಾಳೆ, ಹೊಸ ದಿನಾಂಕ, ಇಬ್ಬರ ಸಹಿ.

ಅವನಿಗೆ ಒಂದು ಪ್ರಶ್ನೆ ಮಾತ್ರ ಮರೆಯದೆ ಕೇಳಿ: ಬೀಳುವ ಮೊದಲು ಉಸಿರು ಕಟ್ಟಿದಂತೆ ಆಯಿತೇ? ಉಸಿರು ಕಟ್ಟುವ ಸಂಕಟ ಬರುವುದು ಮುಖ್ಯವಾಗಿ ಮೈಯೊಳಗೆ ಇಂಗಾಲದ ಡೈಆಕ್ಸೈಡ್ ಸೇರಿಕೊಂಡಾಗ. ತುಕ್ಕು ತಿಂದ ಗಾಳಿಯಲ್ಲಿ ಆಮ್ಲಜನಕ ಕಡಿಮೆ ಇದ್ದರೂ ಉಸಿರು ಸರಾಗವಾಗಿ ಹೋಗಿಬರುತ್ತದೆ, ಆ ಅನಿಲ ಹೊರಗೆ ಹೋಗುತ್ತಲೇ ಇರುತ್ತದೆ. ಹಾಗಾಗಿ ಸಂಕಟವೇ ಆಗದೆ ಮನುಷ್ಯ ಬೀಳಬಹುದು.

ನಮ್ಮ ಉದಾಹರಣೆಯ ಕಾರ್ಮಿಕನ ಹೇಳಿಕೆ, ಅವನ ಮಾತಿನಲ್ಲೇ, ಮೂರನೇ ದಿನದ ಹಾಳೆಯಲ್ಲಿ ಹೀಗಿದೆ: "ಉಸಿರ ಕಟ್ಟಿದಂಗ ಏನೂ ಆಗ್ಲಿಲ್ರೀ ಸರ. ಸೆಕಿ ಇತ್ತು, ಅದು ದಿನಾ ಇರೋದ. ಬಕೆಟ್ ಎತ್ತಬೇಕಂದ್ರ ಕೈ ಮಾತ ಕೇಳ್ಲಿಲ್ಲ. ಕಾಲು ಹೋದ್ವು. ಆಮ್ಯಾಲೆ ಗಾಡ್ಯಾಗ ಕಣ್ಣ ಬಿಟ್ಟೇನಿ."